ಶಾಲೆಯ ಮಳೆ ನೀರು ಮಾರ್ಚ್‌ವರೆಗೆ ಬರಬೇಕಾದರೆ

ಶಾಲೆಗೆಂದು ಮಾಡಿಸಿದ ಮಳೆ ನೀರು ಕೊಯ್ಲಿನ ಯೋಜನಾ ವರದಿಯನ್ನು ತೆರೆದರೆ ಮೊದಲ ಪುಟದಲ್ಲೇ ಒಂದು ದೊಡ್ಡ ಅಂಕಿ ಕಾಣುತ್ತದೆ. ನಿಮ್ಮ ಛಾವಣಿಯ ಮೇಲೆ ವರ್ಷಕ್ಕೆ ಇಷ್ಟು ಲಕ್ಷ ಲೀಟರ್ ಮಳೆ ಬೀಳುತ್ತದೆ, ಇದು ನಿಮ್ಮ ಮಕ್ಕಳ ಅಗತ್ಯಕ್ಕಿಂತ ಹೆಚ್ಚು ಎಂದು ಅದು ಹೇಳುತ್ತದೆ. ಅಂಕಿ ಸುಳ್ಳಲ್ಲ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಸರಿಯಾಗಿ ಒಂದು ಲೀಟರ್ ನೀರು. ಛಾವಣಿಯ ಅಳತೆಯನ್ನು ಮಳೆಯ ಅಳತೆಯಿಂದ ಗುಣಿಸುವುದು ಏಳನೇ ತರಗತಿಯ ಮಕ್ಕಳಿಗೂ ಬರುತ್ತದೆ. ಆದರೆ ಆ ಅಂಕಿಯನ್ನು ನಂಬಿ ಹತ್ತು ಸಾವಿರ ಲೀಟರಿನ ಒಂದು ತೊಟ್ಟಿ ಕಟ್ಟಿಸಿದ ಶಾಲೆಯಲ್ಲಿ ಡಿಸೆಂಬರ್ ಮುಗಿಯುವ ಮೊದಲೇ ನಲ್ಲಿ ಒಣಗುತ್ತದೆ. ಮಳೆ ವರ್ಷದ ಕೆಲವೇ ತಿಂಗಳಲ್ಲಿ ಬೀಳುತ್ತದೆ, ಬಾಯಾರಿಕೆ ಶಾಲೆಯಿರುವ ಪ್ರತಿದಿನವೂ ಇರುತ್ತದೆ. ಈ ಎರಡರ ನಡುವಿನ ಅಂತರವನ್ನು ತಿಂಗಳು ತಿಂಗಳಾಗಿ ಅಳೆದು ತೋರಿಸುವುದೇ ವಿನ್ಯಾಸ ವರದಿಯ ನಿಜವಾದ ಕೆಲಸ.

ಕರ್ನಾಟಕಕ್ಕೆ ಈ ವಿಷಯ ಹೊಸದಲ್ಲ. ರಾಜ್ಯಕ್ಕೆ ಐವತ್ತು ತುಂಬಿದ 2006ರಲ್ಲಿ ‘ಸುವರ್ಣ ಜಲ’ ಯೋಜನೆ ಬಂತು. ಗ್ರಾಮೀಣ ಭಾಗದ 23 ಸಾವಿರಕ್ಕೂ ಹೆಚ್ಚು ಶಾಲೆಗಳ ಛಾವಣಿಯ ನೀರನ್ನು ಹಿಡಿಯುವ ಯೋಜನೆ ಅದು. ಅಂಥ ತೊಟ್ಟಿಗಳನ್ನು ಇವತ್ತಿಗೂ ಹಳ್ಳಿಯ ಶಾಲೆಗಳ ಮಗ್ಗುಲಲ್ಲಿ ಕಾಣಬಹುದು. ಅನೇಕ ಕಡೆ ಛಾವಣಿಯಿಂದ ಬರುವ ಪೈಪು ಅರ್ಧಕ್ಕೆ ಮುರಿದಿರುತ್ತದೆ, ನಲ್ಲಿ ಕಿತ್ತುಹೋಗಿರುತ್ತದೆ, ಮುಚ್ಚಳವಿಲ್ಲದ ಬಾಯಿಯೊಳಗೆ ಎಲೆ ಕೊಳೆತಿರುತ್ತದೆ. ಆಲೋಚನೆ ಸರಿಯಿತ್ತು. ಪ್ರತಿ ಶಾಲೆಯ ಛಾವಣಿ, ಮಳೆ ಮತ್ತು ಮಣ್ಣನ್ನು ಬೇರೆಬೇರೆಯಾಗಿ ನೋಡುವ ಲೆಕ್ಕ, ಕಟ್ಟಿದ ಮೇಲೆ ನೋಡಿಕೊಳ್ಳುವ ಕೈ ಈ ಎರಡೂ ಇಲ್ಲದೆ ಇಂಥ ವ್ಯವಸ್ಥೆ ಉಳಿಯುವುದಿಲ್ಲ.

ಹಾಗಾಗಿ ಒಂದು ಲೆಕ್ಕವನ್ನು ಪೂರ್ತಿ ಮಾಡಿ ನೋಡೋಣ. ಕೋಲಾರ ಜಿಲ್ಲೆಯ ಹಳ್ಳಿಯೊಂದರ ಸರ್ಕಾರಿ ಶಾಲೆಯನ್ನು ಮಾದರಿಯಾಗಿ ಇಟ್ಟುಕೊಳ್ಳುತ್ತೇನೆ. ಮಕ್ಕಳು, ಶಿಕ್ಷಕರು, ಬಿಸಿಯೂಟದ ಅಡುಗೆಯವರು ಎಲ್ಲ ಸೇರಿ 300 ಜನ. 400 ಚದರ ಮೀಟರ್ ತಾರಸಿಯ ಹೊಸ ಕಟ್ಟಡವೊಂದು, 200 ಚದರ ಮೀಟರ್ ಹೆಂಚಿನ ಹಳೆಯ ಕಟ್ಟಡವೊಂದು, ಮುಂದೆ 150 ಚದರ ಮೀಟರ್ ಕಾಂಕ್ರೀಟ್ ಅಂಗಳ, ಹಿಂದೆ ಮಣ್ಣಿನ ಆಟದ ಮೈದಾನ. ಕೋಲಾರವನ್ನೇ ಆರಿಸಿಕೊಳ್ಳಲು ಕಾರಣವಿದೆ. ಆ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಕೊಳವೆಬಾವಿಗಳು ಸಾವಿರ ಅಡಿ ದಾಟಿವೆ. ಅಷ್ಟು ಆಳದ ಕಲ್ಲಿನ ಸಂದಿಯಿಂದ ಬರುವ ನೀರಿನಲ್ಲಿ ಅನೇಕ ಊರುಗಳಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಇದ್ದರೆ ಸರಿ, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು ಎನ್ನುತ್ತದೆ ಭಾರತೀಯ ಮಾನಕ. ಅದನ್ನು ಮೀರಿದ ನೀರನ್ನು ಹಲ್ಲು ಹುಟ್ಟುವ ವಯಸ್ಸಿನಲ್ಲಿ ಕುಡಿದ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ ಕೂರುತ್ತದೆ, ಆ ಕಲೆ ಮತ್ತೆ ಹೋಗುವುದಿಲ್ಲ. ಮಳೆ ನೀರಿನಲ್ಲಿ ಫ್ಲೋರೈಡ್ ಇಲ್ಲವೆನ್ನುವಷ್ಟು ಕಡಿಮೆ. ಇಲ್ಲಿ ಛಾವಣಿಯ ನೀರು ನಿಜಕ್ಕೂ ಮಕ್ಕಳ ಹಲ್ಲು ಮೂಳೆಗಳ ಪ್ರಶ್ನೆ.

ಇದರಿಂದಲೇ ಮೊದಲ ತೀರ್ಮಾನವೂ ಹೊರಡುತ್ತದೆ. ಮಳೆ ನೀರು ಕುಡಿಯಲು ಮತ್ತು ಅಡುಗೆಗೆ ಮಾತ್ರ. ಶೌಚಾಲಯಕ್ಕೆ, ತಟ್ಟೆ ತೊಳೆಯಲು, ಗಿಡಕ್ಕೆ ಕೊಳವೆಬಾವಿಯ ನೀರು ಸಾಕು. ಎಲ್ಲಕ್ಕೂ ಮಳೆ ನೀರು ಎಂದು ಹೊರಟ ವರದಿ ಯಾವುದಕ್ಕೂ ಸಾಲದ ವ್ಯವಸ್ಥೆಯನ್ನು ಕೊಡುತ್ತದೆ. ಶಾಲೆಯ ವೇಳೆಯಲ್ಲಿ ತಲೆಗೆ ಕುಡಿಯಲು ಒಂದು ಲೀಟರಿಗಿಂತ ಸ್ವಲ್ಪ ಹೆಚ್ಚು, ಅನ್ನ ಸಾಂಬಾರಿಗೆ ಉಳಿದದ್ದು ಎಂದು ಒಟ್ಟು ಎರಡು ಲೀಟರ್ ಇಟ್ಟುಕೊಂಡರೆ, 300 ಜನಕ್ಕೆ ದಿನಕ್ಕೆ 600 ಲೀಟರ್. ಈ ಅಂಕಿಯನ್ನು ನೆನಪಿಡಿ, ಮುಂದಿನದೆಲ್ಲ ಇದರ ಮೇಲೆಯೇ ನಿಂತಿದೆ.

ಯಾವ ಛಾವಣಿಯ ನೀರು ಎಲ್ಲಿಗೆ

ಎರಡು ಛಾವಣಿಗಳನ್ನೂ ಒಟ್ಟು ಮಾಡಿ 600 ಚದರ ಮೀಟರ್ ಎಂದು ಬರೆದುಬಿಡುವುದು ಸುಲಭ. ಆದರೆ ಹಳೆಯ ಹೆಂಚಿನ ಮೇಲೆ ಪಾಚಿ ಕಟ್ಟಿರುತ್ತದೆ, ಮೇಲೆ ಮರ ಬಾಗಿದ್ದರೆ ಎಲೆ, ಹಕ್ಕಿಯ ಹಿಕ್ಕೆ ಬಿದ್ದಿರುತ್ತವೆ. ಆ ನೀರನ್ನು ಕುಡಿಯುವ ತೊಟ್ಟಿಗೆ ಬಿಡದೆ ನೆಲಕ್ಕೆ ಇಂಗಿಸುವುದು ಲೇಸು. ಕಲ್ನಾರಿನ ಶೀಟಿನ ಛಾವಣಿಯಿದ್ದರೆ ಅದರ ನೀರನ್ನೂ ಹಾಗೆಯೇ ಬೇರೆ ಮಾಡಬೇಕು. ಕುಡಿಯಲು ನಮಗೆ ಉಳಿಯುವುದು ಹೊಸ ಕಟ್ಟಡದ 400 ಚದರ ಮೀಟರ್ ತಾರಸಿ.

ಬಿದ್ದ ನೀರೆಲ್ಲ ಪೈಪಿಗೆ ಬರುವುದಿಲ್ಲ. ಕಾಂಕ್ರೀಟ್ ಸ್ವಲ್ಪ ಕುಡಿಯುತ್ತದೆ, ಬಿಸಿಲಿಗೆ ಸ್ವಲ್ಪ ಆವಿಯಾಗುತ್ತದೆ, ತಗ್ಗಿನಲ್ಲಿ ಸ್ವಲ್ಪ ನಿಲ್ಲುತ್ತದೆ. ಒಳ್ಳೆಯ ತಾರಸಿಯಿಂದ ನೂರಕ್ಕೆ 80ರಿಂದ 85 ಪಾಲು ಬರುತ್ತದೆಂದು ಇಂಜಿನಿಯರುಗಳು ಹಿಡಿಯುತ್ತಾರೆ. ಮೊದಲ ಮಳೆಯ ಕೊಳೆ ನೀರನ್ನು ಹೊರಗೆ ಬಿಡುವುದನ್ನೂ ಕಳೆದು ನಾವು 75 ಪಾಲು ಎಂದು ಹಿಡಿಯೋಣ. ಆಗ ಪ್ರತಿ ಮಿಲಿಮೀಟರ್ ಮಳೆಗೆ ತೊಟ್ಟಿಗೆ ಬರುವುದು 300 ಲೀಟರ್, ಅಂದರೆ ಎರಡು ಮಿಲಿಮೀಟರ್ ಮಳೆ ಶಾಲೆಯ ಒಂದು ದಿನವನ್ನು ನಡೆಸುತ್ತದೆ.

ಮಳೆ ಎಷ್ಟು ಎಂಬಲ್ಲಿ ಇನ್ನೊಂದು ಎಡವು ಕಾದಿದೆ. ಕೋಲಾರದ ವಾರ್ಷಿಕ ಸರಾಸರಿ 700ರಿಂದ 750 ಮಿಲಿಮೀಟರಿನ ಆಸುಪಾಸು. ಆದರೆ ಸರಾಸರಿ ಎಂದರೆ ಕೆಲವು ವರ್ಷ ಅದಕ್ಕಿಂತ ಕಡಿಮೆ ಎಂದೇ ಅರ್ಥ, ಮಕ್ಕಳಿಗೆ ನೀರು ಬೇಕಾಗುವುದು ಆ ಕಡಿಮೆ ವರ್ಷದಲ್ಲೇ. ಹತ್ತಿರದ ಮಳೆಮಾಪನ ಕೇಂದ್ರದ ಇಪ್ಪತ್ತು ಮೂವತ್ತು ವರ್ಷಗಳ ದಾಖಲೆ ತೆಗೆದು, ನಾಲ್ಕರಲ್ಲಿ ಮೂರು ವರ್ಷವಾದರೂ ಮೀರುವಷ್ಟು ಮಳೆಯನ್ನು ವಿನ್ಯಾಸಕ್ಕೆ ಹಿಡಿಯಬೇಕು. ನಮ್ಮ ಮಾದರಿಗೆ 560 ಮಿಲಿಮೀಟರಿನ ಒಂದು ಬಡ ವರ್ಷವನ್ನು ಇಟ್ಟುಕೊಳ್ಳುತ್ತೇನೆ. ಅದರಲ್ಲಿ ಜೂನ್‌ಗೆ 45, ಜುಲೈಗೆ 55, ಆಗಸ್ಟ್‌ಗೆ 80, ಸೆಪ್ಟೆಂಬರ್‌ಗೆ 120, ಅಕ್ಟೋಬರ್‌ಗೆ 110, ನವೆಂಬರ್‌ಗೆ 35. ಡಿಸೆಂಬರ್‌ನಿಂದ ಮಾರ್ಚ್‌ವರೆಗಿನ ನಾಲ್ಕು ತಿಂಗಳಿಗೆ ಒಟ್ಟು ಹತ್ತೇ ಮಿಲಿಮೀಟರ್. ಏಪ್ರಿಲ್‌ಗೆ 30, ಮೇಗೆ 75. ಈ ಹಂಚಿಕೆಯಲ್ಲಿ ಆ ಸೀಮೆಯ ಸ್ವಭಾವವಿದೆ. ಮುಂಗಾರಿನ ಆರಂಭ ಅಲ್ಲಿ ದುರ್ಬಲ, ಸೆಪ್ಟೆಂಬರ್ ಅಕ್ಟೋಬರ್ ತಿಂಗಳೇ ಆಸರೆ. ಉಡುಪಿಯ ಶಾಲೆಗೆ ಇದೇ ಲೆಕ್ಕ ಮಾಡಿದರೆ ಮಳೆ ಹಲವು ಪಟ್ಟು ಹೆಚ್ಚು ಬರುತ್ತದೆ, ಆದರೆ ಅಲ್ಲಿಯೂ ಡಿಸೆಂಬರ್‌ನಿಂದಾಚೆ ಒಣ ತಿಂಗಳುಗಳೇ.

ತೊಟ್ಟಿಯ ಅಳತೆ ಎಲ್ಲಿಂದ ಬರುತ್ತದೆ

ಈ ಹಂತದಲ್ಲಿ ಶಾಲೆಯ ಕ್ಯಾಲೆಂಡರನ್ನು ಮಳೆಯ ಪಟ್ಟಿಯ ಪಕ್ಕ ಇಡಬೇಕು. ಇದು ಮನೆಯ ಲೆಕ್ಕಕ್ಕೂ ಶಾಲೆಯ ಲೆಕ್ಕಕ್ಕೂ ಇರುವ ದೊಡ್ಡ ವ್ಯತ್ಯಾಸ, ಎಷ್ಟೋ ವರದಿಗಳು ಇದನ್ನು ನೋಡುವುದೇ ಇಲ್ಲ. ದಸರಾ ರಜೆ ಸರಿಯಾಗಿ ಮಳೆ ಹೆಚ್ಚಿರುವ ಹೊತ್ತಿಗೆ ಬರುತ್ತದೆ. ಆಗ ತೊಟ್ಟಿಗೆ ನೀರು ಬರುತ್ತದೆ, ಖರ್ಚಾಗುವುದಿಲ್ಲ. ಬೇಸಿಗೆ ರಜೆ ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯವರೆಗೆ, ಆಗ ಬೀಳುವ ಮಳೆಯೂ ಪೂರ್ತಿ ಉಳಿತಾಯ. ಮನೆಯಾಗಿದ್ದರೆ ತೀರಾ ಕಷ್ಟವಾಗುತ್ತಿದ್ದ ಏಪ್ರಿಲ್ ಮತ್ತು ಮೇ ತಿಂಗಳು ಶಾಲೆಗೆ ಹಗುರ. ಹಾಗಾಗಿ ಶಾಲೆಯ ನಿಜವಾದ ಪರೀಕ್ಷೆ ನವೆಂಬರ್‌ನಿಂದ ಮಾರ್ಚ್‌ವರೆಗಿನ ಐದು ತಿಂಗಳು. ಹತ್ತನೇ ತರಗತಿಯವರ ಪರೀಕ್ಷೆಯ ತಯಾರಿಯೂ ಅದೇ ಕಾಲದಲ್ಲಿ ನಡೆಯುತ್ತಿರುತ್ತದೆ.

ಆ ಐದು ತಿಂಗಳನ್ನು ಒಂದೊಂದಾಗಿ ನೋಡಿ. ನವೆಂಬರ್‌ನಲ್ಲಿ 24 ದಿನ ಶಾಲೆಯೆಂದರೆ 14,400 ಲೀಟರ್ ಬೇಕು, 35 ಮಿಲಿಮೀಟರ್ ಮಳೆಯಿಂದ 10,500 ಬರುತ್ತದೆ. ಕೊರತೆ 3,900. ಡಿಸೆಂಬರ್‌ನಲ್ಲಿ ಬೇಕಾದದ್ದು ಅಷ್ಟೇ, ಬರುವುದು 1,500 ಮಾತ್ರ. ಕೊರತೆ 12,900. ಜನವರಿಯಲ್ಲಿ ಮಳೆಯೇ ಇಲ್ಲ, 14,400 ಪೂರ್ತಿ ಸಂಗ್ರಹದಿಂದಲೇ ಹೋಗಬೇಕು. ಫೆಬ್ರವರಿಯಲ್ಲಿ 23 ದಿನಕ್ಕೆ 13,800. ಮಾರ್ಚ್‌ನಲ್ಲಿ ಅಲ್ಪ ಮಳೆ ಕಳೆದು 12,900. ಐದನ್ನೂ ಕೂಡಿದರೆ 57,900 ಲೀಟರ್. ಏಪ್ರಿಲ್‌ನಲ್ಲಿ ಎಂಟು ದಿನದ ಖರ್ಚು 4,800, ಮಳೆಯಿಂದ ಬರುವುದು 9,000, ಅಲ್ಲಿಗೆ ಕೊರತೆ ನಿಲ್ಲುತ್ತದೆ. ಅಕ್ಟೋಬರ್ ಕೊನೆಯ ದಿನ ತೊಟ್ಟಿಯಲ್ಲಿ 57,900 ಲೀಟರ್ ಇದ್ದರೆ ಮಕ್ಕಳು ಬಡ ವರ್ಷದಲ್ಲೂ ಬೇಸಿಗೆ ರಜೆಯವರೆಗೆ ಒಳ್ಳೆಯ ನೀರು ಕುಡಿಯುತ್ತಾರೆ. ತೊಟ್ಟಿಯ ಅಳತೆ 60,000 ಲೀಟರ್ ಎಂದು ನಿಗದಿಯಾಗುವುದು ಈ ಕೂಡಿಕೆಯಿಂದ.

ಆದರೆ ಅಷ್ಟು ದೊಡ್ಡ ತೊಟ್ಟಿ ತುಂಬುತ್ತದೆಯೇ ಎಂದು ಕೇಳಬೇಕು. ತುಂಬದ ತೊಟ್ಟಿ ಕಟ್ಟುವುದು ಹಣವನ್ನು ಹೂತಿಟ್ಟ ಹಾಗೆ. ಮಾರ್ಚ್ ಕೊನೆಗೆ ಖಾಲಿಯಾದ ತೊಟ್ಟಿಯಿಂದ ಶುರು ಮಾಡೋಣ. ಏಪ್ರಿಲ್ ಮತ್ತು ಮೇ ಮಳೆಗಳು ರಜೆಯಲ್ಲಿ ಬಂದು ಸುಮಾರು 25,000 ಲೀಟರ್ ಕೂಡಿಹಾಕುತ್ತವೆ. ಜೂನ್ ಜುಲೈನಲ್ಲಿ ಬಂದಷ್ಟೇ ಖರ್ಚು, ಮಟ್ಟ ಹೆಚ್ಚೂ ಕಡಿಮೆ ಅಲ್ಲೇ ನಿಲ್ಲುತ್ತದೆ. ಆಗಸ್ಟ್ ಕೊನೆಗೆ 35,000 ದಾಟುತ್ತದೆ, ಸೆಪ್ಟೆಂಬರ್ ಕೊನೆಗೆ 58,000ದ ಹತ್ತಿರ ಬರುತ್ತದೆ. ಅಕ್ಟೋಬರ್ ಮೊದಲ ದಿನಗಳಲ್ಲೇ ತೊಟ್ಟಿ ತುಂಬಿ, ಆ ತಿಂಗಳ ಉಳಿದ ಮಳೆಯಲ್ಲಿ ಸುಮಾರು 25,000 ಲೀಟರ್ ಉಕ್ಕಿ ಹೊರಗೆ ಹೋಗುತ್ತದೆ. ಬಡ ವರ್ಷದಲ್ಲೂ ತೊಟ್ಟಿ ತುಂಬಿ ಸ್ವಲ್ಪ ಉಕ್ಕುತ್ತದೆ ಎಂದರೆ ಛಾವಣಿ, ಬಳಕೆ, ತೊಟ್ಟಿ ಈ ಮೂರೂ ಒಂದಕ್ಕೊಂದು ಹೊಂದಿವೆ ಎಂದರ್ಥ.

ಹತ್ತು ಸಾವಿರ ಲೀಟರಿನ ತೊಟ್ಟಿಯಿದ್ದರೆ? ಅದು ಅಕ್ಟೋಬರ್‌ನಲ್ಲಿ ತುಂಬಿ ತುಳುಕುತ್ತಿರುತ್ತದೆ, ಉದ್ಘಾಟನೆಗೆ ಚೆನ್ನಾಗಿ ಕಾಣುತ್ತದೆ. ನವೆಂಬರ್ ಕೊನೆಗೆ ಅದರಲ್ಲಿ ಆರು ಸಾವಿರ ಉಳಿದಿರುತ್ತದೆ. ಡಿಸೆಂಬರ್ ನಡುವಿಗೆ ಖಾಲಿ. ಆಮೇಲೆ ಮೂರು ತಿಂಗಳಿಗೂ ಹೆಚ್ಚು ಕಾಲ ಮಕ್ಕಳು ಮತ್ತೆ ಕೊಳವೆಬಾವಿಯ ನೀರಿಗೇ ಮರಳುತ್ತಾರೆ. ಛಾವಣಿಯ ಮೇಲೆ ಬೀಳುವ ಒಟ್ಟು ನೀರು ಎರಡೂ ಸಂದರ್ಭದಲ್ಲಿ ಒಂದೇ.

ಬೇಕಾದಷ್ಟು ಹಣವಿಲ್ಲದಿದ್ದರೆ ತೊಟ್ಟಿಯನ್ನು ಚಿಕ್ಕದು ಮಾಡುವ ಬದಲು ಬಳಕೆಯನ್ನು ಕುಗ್ಗಿಸಿ ಎನ್ನುತ್ತೇನೆ. ಫ್ಲೋರೈಡ್ ಇರುವ ಊರಿನಲ್ಲಿ ಕುಡಿಯುವುದಕ್ಕೆ ಮಾತ್ರ ಎಂದು ತಲೆಗೆ ಒಂದೂಕಾಲು ಲೀಟರ್ ಇಟ್ಟುಕೊಂಡರೆ ತೊಟ್ಟಿಯೂ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ, ನೀರು ಮಾರ್ಚ್‌ವರೆಗೂ ಬರುತ್ತದೆ. ಅಡುಗೆಗೆ ಬೇರೆ ದಾರಿ ಹುಡುಕಬಹುದು.

ಕಟ್ಟುವಾಗ ಅರವತ್ತು ಸಾವಿರ ಲೀಟರನ್ನು ಒಂದೇ ಸಂಪಿನಲ್ಲಿ ಇಡದೆ, ನಡುವೆ ಗೋಡೆಯಿಟ್ಟು ಎರಡು ಕೋಣೆ ಮಾಡಬೇಕು. ಒಂದೊಂದೂ ಐದು ಮೀಟರ್ ಉದ್ದ, ಮೂರು ಮೀಟರ್ ಅಗಲ, ಎರಡು ಮೀಟರ್ ನೀರಿನ ಆಳ, ಮೇಲೆ ಒಂದಡಿ ಖಾಲಿ ಜಾಗ. ಒಂದನ್ನು ತೊಳೆಯುವಾಗ ಇನ್ನೊಂದು ನಡೆಯುತ್ತದೆ. ಒಂದರಲ್ಲಿ ಸೋರಿಕೆ ಬಂದರೂ ನೀರೆಲ್ಲ ಹೋಗುವುದಿಲ್ಲ. ಒಳಗೆ ಬೆಳಕು ಬೀಳಬಾರದು, ಬೆಳಕಿದ್ದರೆ ಪಾಚಿ ಬೆಳೆಯುತ್ತದೆ. ಮುಚ್ಚಳಕ್ಕೆ ಬೀಗ ಇರಲೇಬೇಕು, ಇದು ಮಕ್ಕಳು ಓಡಾಡುವ ಜಾಗ. ಉಕ್ಕುವ ಪೈಪಿನ ಬಾಯಿಗೆ ಸೊಳ್ಳೆ ಹೋಗದಂಥ ಜಾಲರಿ ಬೇಕು. ಶೌಚಾಲಯದ ಗುಂಡಿಯಿಂದ ಕನಿಷ್ಠ 15 ಮೀಟರ್ ದೂರವಿರಲಿ.

ಕೊಳೆ ನೀರನ್ನು ಬಿಡುವ ಪೈಪು

ಒಣಗಿದ ದಿನಗಳ ನಂತರ ಬರುವ ಮಳೆಯ ಮೊದಲ ಒಂದು ಮಿಲಿಮೀಟರ್ ನೀರು ತಾರಸಿಯನ್ನು ತೊಳೆಯುತ್ತದೆ. ಧೂಳು, ಹಿಕ್ಕೆ, ಎಲೆಯ ಚೂರು ಎಲ್ಲ ಅದರಲ್ಲೇ ಬರುತ್ತವೆ. ಅದನ್ನು ತೊಟ್ಟಿಗೆ ಬಿಡದೆ ಬೇರೆಡೆ ಹಿಡಿಯಬೇಕು ಎಂದು ಎಲ್ಲ ವರದಿಗಳೂ ಬರೆಯುತ್ತವೆ. ಚಿತ್ರದಲ್ಲಿ ಪೈಪಿನ ಕೆಳಗೆ ಮುಚ್ಚಳ ಹಾಕಿದ ಮೀಟರ್ ಉದ್ದದ ತುಂಡೊಂದನ್ನೂ ತೋರಿಸುತ್ತವೆ. ಇಲ್ಲಿ ಸಣ್ಣ ಲೆಕ್ಕವೊಂದು ಮಾಡಿ ನೋಡಿ. 400 ಚದರ ಮೀಟರ್ ತಾರಸಿಯ ಒಂದು ಮಿಲಿಮೀಟರ್ ಎಂದರೆ 400 ಲೀಟರ್. 110 ಮಿಲಿಮೀಟರ್ ಪೈಪಿನ ಒಂದು ಮೀಟರ್ ತುಂಡಿನಲ್ಲಿ ಹಿಡಿಯುವುದು ಒಂಬತ್ತು ಲೀಟರಿಗೂ ಕಡಿಮೆ. ಅಂಥ ಎಂಟು ತುಂಡು ಹಾಕಿದರೂ ಎಪ್ಪತ್ತು ಲೀಟರ್. ಉಳಿದ 330 ಲೀಟರ್ ಕೊಳೆ ನೇರವಾಗಿ ಮಕ್ಕಳ ಲೋಟಕ್ಕೆ ಹೋಗುತ್ತದೆ.

ನಮ್ಮ ತಾರಸಿಗೆ ಎಂಟು ಇಳಿಕೊಳವೆ ಬೇಕು, ಒಂದಕ್ಕೆ ಐವತ್ತು ಚದರ ಮೀಟರಿನಂತೆ. ಜೋರು ಮಳೆಯಲ್ಲಿ ಅದಕ್ಕಿಂತ ಹೆಚ್ಚಿನ ಜಾಗದ ನೀರನ್ನು ಒಂದೇ ನಾಲ್ಕಂಗುಲದ ಪೈಪಿಗೆ ಹೊರಿಸಿದರೆ ತಾರಸಿಯಲ್ಲಿ ನೀರು ನಿಲ್ಲುತ್ತದೆ. ನಾಲ್ಕು ನಾಲ್ಕನ್ನು ನೆಲದ ಹತ್ತಿರ ಕೂಡಿಸಿ, ಪ್ರತಿ ಗುಂಪಿಗೂ 200 ಲೀಟರಿನ ಒಂದು ಡ್ರಮ್ ಇಟ್ಟರೆ ಅಳತೆ ಸರಿಹೊಂದುತ್ತದೆ. ಮೊದಲು ಡ್ರಮ್ ತುಂಬುತ್ತದೆ, ತುಂಬಿದ ಮೇಲೆ ಬರುವ ನೀರು ತಾನಾಗಿಯೇ ಸೋಸುಕದ ಕಡೆಗೆ ತಿರುಗುತ್ತದೆ. ಡ್ರಮ್ಮಿನ ತಳದಲ್ಲಿ ಹನಿಹನಿಯಾಗಿ ಸೋರುವ ಒಂದು ಸಣ್ಣ ತೂತು ಇರಲಿ. ಆಗ ಮಳೆ ನಿಂತು ಒಂದೆರಡು ದಿನದಲ್ಲಿ ಅದು ತಾನೇ ಖಾಲಿಯಾಗಿ ಮುಂದಿನ ಮಳೆಗೆ ಸಿದ್ಧವಾಗುತ್ತದೆ. ವಾಲ್ವ್ ತಿರುಗಿಸಿ ಬಿಡಬೇಕಾದ ವ್ಯವಸ್ಥೆಯನ್ನು ನಾನು ನಂಬುವುದಿಲ್ಲ. ಮಳೆ ಹೆಚ್ಚಾಗಿ ಸಂಜೆ ಅಥವಾ ರಾತ್ರಿ ಬರುತ್ತದೆ, ಆಗ ಶಾಲೆಯಲ್ಲಿ ಯಾರೂ ಇರುವುದಿಲ್ಲ.

ಸೋಸುಕದ ವಿಚಾರದಲ್ಲಿ ಮರಳು ತುಂಬಿದ ಸಣ್ಣ ಡ್ರಮ್ಮುಗಳು ಜನಪ್ರಿಯ. ಗಂಟೆಗೆ 60 ಮಿಲಿಮೀಟರಿನ ವೇಗದಲ್ಲಿ ಸುರಿದರೆ ನಮ್ಮ ತಾರಸಿಯಿಂದ ಗಂಟೆಗೆ 24,000 ಲೀಟರಿನ ರಭಸದಲ್ಲಿ ನೀರು ಬರುತ್ತದೆ. ಅಷ್ಟನ್ನು ಡ್ರಮ್ಮಿನಗಲದ ಮರಳು ಇಳಿಸಿಕೊಳ್ಳಲಾರದು, ಒಳ್ಳೆಯ ನೀರು ಮೇಲಿಂದ ಉಕ್ಕಿ ಹೋಗುತ್ತದೆ. ಪೈಪಿನಲ್ಲಿ ತೆಗೆದು ತೊಳೆಯಬಹುದಾದ ಸ್ಟೀಲ್ ಜಾಲರಿ, ಅದರ ಮುಂದೆ ಒರಟು ಜಲ್ಲಿಯ ತೊಟ್ಟಿ ಸಾಕು. ನಯವಾಗಿ ಸೋಸುವ ಕೆಲಸವನ್ನು ಕುಡಿಯುವ ನಲ್ಲಿಯ ಹತ್ತಿರ ನಿಧಾನವಾಗಿ ಮಾಡಬಹುದು.

ಇಂಗುಬಾವಿಯ ಲೆಕ್ಕ ಬೇರೆ

ತೊಟ್ಟಿಗೆ ತಿಂಗಳ ಲೆಕ್ಕ ಬೇಕಾದರೆ ಇಂಗುಗುಂಡಿಗೆ ಅರ್ಧ ಗಂಟೆಯ ಲೆಕ್ಕ ಬೇಕು. ಅಲ್ಲಿನ ಪ್ರಶ್ನೆ ಒಂದೇ: ಒಂದು ಬಿರುಮಳೆಯ ನೀರನ್ನು ಹರಿದುಹೋಗದಂತೆ ಹಿಡಿದಿಟ್ಟು, ಆಮೇಲೆ ನಿಧಾನವಾಗಿ ನೆಲಕ್ಕೆ ಬಿಡಬಲ್ಲದೇ? ಅರ್ಧ ಗಂಟೆಯಲ್ಲಿ 30 ಮಿಲಿಮೀಟರ್ ಸುರಿಯಿತು ಎನ್ನಿ. ಹೆಂಚಿನ ಛಾವಣಿಯಿಂದ 4,500 ಲೀಟರ್, ಕಾಂಕ್ರೀಟ್ ಅಂಗಳದಿಂದ ಸುಮಾರು 3,200 ಬರುತ್ತದೆ. ಅದು ಅಕ್ಟೋಬರ್ ಆಗಿದ್ದು ಸಂಪು ತುಂಬಿದ್ದರೆ ತಾರಸಿಯ 9,600 ಲೀಟರ್ ಕೂಡ ಇಲ್ಲಿಗೇ. ಒಟ್ಟು 17,300 ಲೀಟರಿನ ಆಸುಪಾಸು.

ಅಗೆದ ಗುಂಡಿಗೆ ಜಲ್ಲಿ, ಮರಳು ತುಂಬುವುದು ನಮ್ಮಲ್ಲಿ ರೂಢಿ. ಜಲ್ಲಿಯ ನಡುವಿನ ಖಾಲಿ ಜಾಗ ನೂರಕ್ಕೆ ಹೆಚ್ಚೆಂದರೆ ನಲವತ್ತು. ಅಂದರೆ 17,300 ಲೀಟರ್ ಹಿಡಿಯಲು 43,000 ಲೀಟರಿನಷ್ಟು ದೊಡ್ಡ ಗುಂಡಿ ತೋಡಬೇಕು. ಹೂಳು ತುಂಬಿದರೆ ಜಲ್ಲಿಯೆಲ್ಲ ಎತ್ತಿ ತೊಳೆಯಬೇಕು, ಯಾರೂ ಎತ್ತುವುದಿಲ್ಲ. ಇದರ ಬದಲು ಸಿಮೆಂಟಿನ ಬಳೆ ಇಳಿಸಿದ, ಒಳಗೆ ಖಾಲಿಯಿರುವ ಇಂಗುಬಾವಿ ಮೇಲು. ನಾಲ್ಕಡಿ ಅಗಲ, ಇಪ್ಪತ್ತಡಿ ಆಳದ ಒಂದು ಬಾವಿಯಲ್ಲಿ ಸುಮಾರು 6,800 ಲೀಟರ್ ನಿಲ್ಲುತ್ತದೆ. ಅಂಥ ಮೂರು ಬಾವಿ ನಮ್ಮ ಶಾಲೆಗೆ ಸಾಕು. ಬಳೆಗಳ ಸಂದಿಗೆ ಸಿಮೆಂಟ್ ಮೆತ್ತಬಾರದು, ತಳಕ್ಕೂ ಕಾಂಕ್ರೀಟ್ ಹಾಕಬಾರದು, ನೀರು ಹೋಗುವುದೇ ಅಲ್ಲಿಂದ. ಬೆಂಗಳೂರಿನ ಸುತ್ತಮುತ್ತ ತಲೆಮಾರುಗಳಿಂದ ಬಾವಿ ತೋಡುತ್ತ ಬಂದ ಮಣ್ಣು ವಡ್ಡರು ಈ ಕೆಲಸದಲ್ಲಿ ನುರಿತವರು. ಮಣ್ಣಿನ ಬಣ್ಣ, ಕೈಗೆ ಸಿಗುವ ತೇವ ನೋಡಿ ಎಲ್ಲಿ ಗರಸು ಸಿಗುತ್ತದೆ ಎಂದು ಹೇಳಬಲ್ಲರು. ಅವರ ಮಾತು ವರದಿಯಲ್ಲಿ ದಾಖಲಾಗಬೇಕು.

ಮಣ್ಣಿನ ಪರೀಕ್ಷೆಯನ್ನು ಶಾಲೆಯೇ ಮಾಡಬಹುದು. ಬಾವಿ ಬರುವ ಜಾಗದಲ್ಲಿ ಒಂದು ಮೀಟರ್ ಆಳದ ಗುಂಡಿ ತೋಡಿ, ತಳದಲ್ಲಿ ಅಡಿಯಗಲದ ಇನ್ನೊಂದು ಸಣ್ಣ ಗುಂಡಿ ಮಾಡಿ ನೀರು ತುಂಬಬೇಕು. ಮೊದಲ ಸಲ ಒಣ ಮಣ್ಣು ಬೇಗ ಕುಡಿದುಬಿಡುತ್ತದೆ, ಆ ಅಳತೆಯನ್ನು ನಂಬಬಾರದು. ಮಣ್ಣು ಚೆನ್ನಾಗಿ ನೆನೆದ ಮೇಲೆ ಮತ್ತೆ ತುಂಬಿ ಗಂಟೆಗೆ ಎಷ್ಟು ಇಳಿಯಿತು ಎಂದು ಅಳತೆಕೋಲಿನಲ್ಲಿ ನೋಡಬೇಕು. ಗಂಟೆಗೆ 25 ಮಿಲಿಮೀಟರ್ ಇಳಿದರೆ ನಮ್ಮ ಇಂಗುಬಾವಿ ತುಂಬಿದ ಮೇಲೆ ಒಂದೆರಡು ದಿನದಲ್ಲಿ ಬರಿದಾಗುತ್ತದೆ. ಐದೇ ಮಿಲಿಮೀಟರ್ ಇಳಿದರೆ ಹಲವು ದಿನ ಬೇಕು, ಅಷ್ಟರಲ್ಲಿ ಮುಂದಿನ ಮಳೆ ಬಂದಿರುತ್ತದೆ, ಸೊಳ್ಳೆಯೂ ಬಂದಿರುತ್ತದೆ. ಎರೆಮಣ್ಣಿನ ನೆಲದಲ್ಲಿ ಹೀಗೇ ಆಗುತ್ತದೆ. ಅಲ್ಲಿ ಬಾವಿಯನ್ನು ಗರಸು ಸಿಗುವವರೆಗೆ ಇನ್ನಷ್ಟು ಆಳಕ್ಕೆ ಒಯ್ಯಬೇಕು, ಸಿಗದಿದ್ದರೆ ಇಂಗುಬಾವಿಯ ಆಸೆ ಬಿಡಬೇಕು.

ಮೈದಾನದ ಕೆಂಪು ನೀರನ್ನು ಈ ಬಾವಿಗಳಿಗೆ ತಿರುಗಿಸಬೇಡಿ. ನುಣ್ಣನೆಯ ಹೂಳು ಬಾವಿಯ ಬದಿಗೆ ಮೆತ್ತಿಕೊಂಡರೆ ಎರಡು ಮೂರು ಮಳೆಗಾಲದಲ್ಲಿ ಇಂಗುವುದೇ ನಿಲ್ಲುತ್ತದೆ. ಮೈದಾನದ ಅಂಚಿಗೆ ಬದು ಹಾಕಿ ಅಲ್ಲಲ್ಲೇ ನಿಲ್ಲಿಸಿದರೆ ಸಾಕು. ಅಂಗಳದ ನೀರು ಕೂಡ ಬಾವಿಗೆ ಬೀಳುವ ಮೊದಲು ಹೂಳು ಕೂರುವ ಒಂದು ತೊಟ್ಟಿಯನ್ನು ದಾಟಿ ಬರಬೇಕು. ಬಾವಿ ಕಟ್ಟಡದ ಪಾಯದಿಂದ ಮೂರು ಮೀಟರ್ ಆದರೂ ದೂರವಿರಲಿ.

ಇಂಗಿಸಿದ ನೀರಿನ ಬಗ್ಗೆ ವರದಿಗಳು ಕೊಡುವ ಭರವಸೆಯಲ್ಲಿ ಒಂದನ್ನು ನಾನು ಒಪ್ಪುವುದಿಲ್ಲ: ‘ಶಾಲೆಯ ಕೊಳವೆಬಾವಿ ಮರುಪೂರಣವಾಗುತ್ತದೆ.’ ಇಪ್ಪತ್ತಡಿಯ ಬಾವಿಯಿಂದ ಇಳಿದ ನೀರು ಮೇಲಿನ ಕೊಳೆತ ಕಲ್ಲಿನ ಪದರವನ್ನು ಸೇರುತ್ತದೆ. ಅಲ್ಲಿಂದ ಸಾವಿರ ಅಡಿ ಕೆಳಗಿನ ಸಂದಿಗೆ ಅದು ತಲುಪುತ್ತದೋ, ಪಕ್ಕದ ತೋಟದ ತೆರೆದ ಬಾವಿಗೆ ಹೋಗುತ್ತದೋ ಎಂದು ಕಲ್ಲಿನ ಬಿರುಕುಗಳನ್ನು ತಿಳಿಯದೆ ಹೇಳಲಾಗದು. ಇಂಗಿಸಿದ್ದರಿಂದ ಕೊಳವೆಬಾವಿಯ ಫ್ಲೋರೈಡ್ ಇಳಿಯುತ್ತದೆ ಎಂದೂ ಖಚಿತವಿಲ್ಲ. ಬಡ ವರ್ಷದಲ್ಲೂ ನಮ್ಮ ಶಾಲೆ ಒಂದೂವರೆ ಲಕ್ಷ ಲೀಟರಿಗೂ ಹೆಚ್ಚು ನೀರನ್ನು ಊರಿನ ನೆಲಕ್ಕೆ ಕೊಡುತ್ತದೆ, ಅದು ಊರಿಗೆ ಸಲ್ಲುತ್ತದೆ. ಕೇಸಿಂಗ್ ಪೈಪಿಗೆ ತೂತು ಕೊರೆದು ಅಂಗಳದ ನೀರನ್ನು ನೇರವಾಗಿ ಕೊಳವೆಬಾವಿಗೆ ಬಿಡುವುದಂತೂ ಬೇಡ. ಶಾಲೆಯ ಅಂಗಳದ ಕೊಳೆ ಒಮ್ಮೆ ಅಷ್ಟು ಆಳಕ್ಕೆ ಇಳಿದರೆ ಮತ್ತೆ ತೊಳೆಯಲು ಬರುವುದಿಲ್ಲ.

ಕಟ್ಟಿದ ಮೇಲೆ ತಿಳಿಯುವುದು ಹೇಗೆ

ಸಂಪಿನೊಳಗೆ ಇಳಿಬಿಟ್ಟ ಒಂದು ಅಳತೆಕೋಲು ದುಬಾರಿ ಮೀಟರಿಗಿಂತ ಹೆಚ್ಚು ಹೇಳುತ್ತದೆ. ಒಂದು ಕೋಣೆಯ ತಳ 15 ಚದರ ಮೀಟರ್, ಆದ್ದರಿಂದ ಮಟ್ಟ ಒಂದು ಸೆಂಟಿಮೀಟರ್ ಇಳಿದರೆ 150 ಲೀಟರ್ ಹೋಗಿದೆ ಎಂದು ಲೆಕ್ಕ. ಒಂದೇ ಕೋಣೆಯಿಂದ ನೀರು ತೆಗೆಯುತ್ತಿದ್ದರೆ ಶಾಲೆಯ ದಿನಕ್ಕೆ ನಾಲ್ಕು ಸೆಂಟಿಮೀಟರ್ ಇಳಿಯಬೇಕು. ಆರು ಇಳಿಯುತ್ತಿದ್ದರೆ ಯಾವುದೋ ನಲ್ಲಿ ಸೋರುತ್ತಿದೆ ಅಥವಾ ಮಳೆ ನೀರು ಬೇರೆ ಕೆಲಸಕ್ಕೆ ಹೋಗುತ್ತಿದೆ. ಮಳೆಯಿಲ್ಲದ ವಾರ, ಶನಿವಾರ ಮಧ್ಯಾಹ್ನ ನೋಡಿದ ಮಟ್ಟ ಸೋಮವಾರ ಬೆಳಿಗ್ಗೆ ಕಡಿಮೆಯಾಗಿದ್ದರೆ ಸಂಪಿನ ಗೋಡೆಯೇ ಸೋರುತ್ತಿದೆ. ಡಿಸೆಂಬರ್ ಕೊನೆಗೆ ಎರಡೂ ಕೋಣೆ ಸೇರಿ 43,000 ಲೀಟರ್, ಜನವರಿ ಕೊನೆಗೆ 29,000 ಲೀಟರ್ ಇರಬೇಕು. ಆ ಗುರುತುಗಳನ್ನು ಕೋಲಿನ ಮೇಲೆ ಕೆಂಪು ಬಣ್ಣದಲ್ಲಿ ಹಾಕಿಡಿ. ಮಟ್ಟ ಗುರುತಿಗಿಂತ ಕೆಳಗಿದ್ದರೆ ಆ ದಿನದಿಂದಲೇ ಅಡುಗೆಗೆ ಬೇರೆ ನೀರು, ಮಳೆ ನೀರು ಕುಡಿಯಲು ಮಾತ್ರ. ಈ ಕೆಲಸವನ್ನು ಎಂಟನೇ ತರಗತಿಯ ಮಕ್ಕಳಿಗೆ ಒಪ್ಪಿಸಬಹುದು, ಆದರೆ ಮುಚ್ಚಳದ ಬೀಗ ತೆಗೆಯುವವರು ಶಿಕ್ಷಕರೇ ಆಗಿರಲಿ.

ಮಳೆ ನೀರು ಸ್ವಚ್ಛವಾಗಿ ಕಂಡರೂ ಹಕ್ಕಿಯ ಹಿಕ್ಕೆಯಿಂದ ಬರುವ ರೋಗಾಣು ಕಣ್ಣಿಗೆ ಕಾಣುವುದಿಲ್ಲ. ಎಚ್‌ಟುಎಸ್ ಬಾಟಲಿ ಎಂಬ ಅಗ್ಗದ ಪರೀಕ್ಷೆಯಿದೆ. ಅದರಲ್ಲಿ ತುಂಬಿಟ್ಟ ನೀರು ಒಂದೆರಡು ದಿನದಲ್ಲಿ ಕಪ್ಪಾದರೆ ಕುಡಿಯಬಾರದು. ಅರವತ್ತು ಸಾವಿರ ಲೀಟರಿಗೆಲ್ಲ ಬ್ಲೀಚಿಂಗ್ ಪುಡಿ ಹಾಕುವ ಬದಲು, ಸಂಪಿನಿಂದ ಮೇಲೆತ್ತಿದ ಸಾವಿರ ಲೀಟರಿನ ದಿನದ ಟ್ಯಾಂಕಿಗೆ ಹಾಕುವುದು ಸರಿಯಾದ ಕ್ರಮ. ಹೊಸ ಪುಡಿಯಾದರೆ ನಾಲ್ಕೈದು ಗ್ರಾಂ ಸಾಕು. ಅರ್ಧ ಗಂಟೆಯ ನಂತರ ನಲ್ಲಿಯ ನೀರಿನಲ್ಲಿ ಲೀಟರಿಗೆ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿದೆಯೇ ಎಂದು ಬಣ್ಣದ ಪರೀಕ್ಷೆಯಿಂದ ನೋಡಬೇಕು. ತೆರೆದಿಟ್ಟ ಹಳೆಯ ಪುಡಿಯಲ್ಲಿ ಕ್ಲೋರಿನ್ ಹಾರಿಹೋಗಿರುತ್ತದೆ, ವಾಸನೆಯಿದ್ದರೂ ಕೆಲಸ ಮಾಡುವುದಿಲ್ಲ.

ತಾರಸಿ ಗುಡಿಸುವುದು ಮೇ ಕೊನೆಯ ವಾರ ಶಾಲೆ ಶುರುವಾಗುವಾಗ ಎಂದು ಬರೆಯುತ್ತಾರೆ. ನಮ್ಮ ಲೆಕ್ಕದಲ್ಲಿ ಅದು ತಡ. ಏಪ್ರಿಲ್ ಮೇ ಮಳೆಯೇ ಮುಂದಿನ ವರ್ಷದ 25,000 ಲೀಟರನ್ನು ತರುತ್ತದೆ, ಆ ಹೊತ್ತಿಗೆ ಶಾಲೆ ಬಾಗಿಲು ಹಾಕಿರುತ್ತದೆ. ಹಾಗಾಗಿ ರಜೆ ಬಿಡುವ ದಿನವೇ ತಾರಸಿ ಗುಡಿಸಿ, ಜಾಲರಿ ತೊಳೆದು, ಬರಿದಾದ ಸಂಪಿನ ಕೋಣೆಗಳನ್ನು ಒಂದೊಂದಾಗಿ ಉಜ್ಜಿ ತೊಳೆದು ಹೋಗಬೇಕು. ಸಂಪಿಗೆ ಇಳಿಯುವ ಮೊದಲು ಮುಚ್ಚಳಗಳನ್ನು ಬಹಳ ಹೊತ್ತು ತೆರೆದಿಟ್ಟು ಗಾಳಿಯಾಡಿಸಬೇಕು, ಒಬ್ಬರೇ ಇಳಿಯಬಾರದು, ಮಕ್ಕಳು ಇಳಿಯಲೇಬಾರದು.

ನಿಮ್ಮೂರ ಶಾಲೆಯ ಎಸ್‌ಡಿಎಂಸಿ ಸಭೆಗೆ ಇಂಥ ವರದಿಯೊಂದು ಸಹಿಗೆ ಬಂದರೆ ವಾರ್ಷಿಕ ಲೀಟರುಗಳ ಪುಟವನ್ನು ದಾಟಿ ಮುಂದೆ ನೋಡಿ. ಜೂನ್‌ನಿಂದ ಮೇವರೆಗೆ ತಿಂಗಳವಾರು ಬರುವ ನೀರು, ಖರ್ಚಾಗುವ ನೀರು, ತೊಟ್ಟಿಯಲ್ಲಿ ಉಳಿಯುವ ನೀರಿನ ಪಟ್ಟಿ ಇದೆಯೇ? ಮೊದಲ ಮಳೆ ನೀರಿನ ಲೆಕ್ಕ ಲೀಟರಿನಲ್ಲಿ ಇದೆಯೇ? ನಿಮ್ಮ ಅಂಗಳದ ಮಣ್ಣಿನಲ್ಲೇ ಮಾಡಿದ ಇಂಗುವ ಪರೀಕ್ಷೆಯ ಅಂಕಿ ಇದೆಯೇ? ಏಪ್ರಿಲ್‌ನಲ್ಲಿ ತಾರಸಿ ಗುಡಿಸುವವರು ಯಾರೆಂದು ಬರೆದಿದೆಯೇ? ಈ ನಾಲ್ಕರಲ್ಲಿ ಒಂದು ಇಲ್ಲದಿದ್ದರೂ ಸಹಿ ಹಾಕದೆ ವಾಪಸು ಕಳಿಸಿ.